ನೀರು ನಿಲ್ಲುತ್ತದೆ

ಯಲಹಂಕಕ್ಕೆ ಬರುವ ಬಸ್ಸಿನ ಬೋರ್ಡಿನ ಮೇಲೆ ‘ಯಲಹಂಕ ಉಪನಗರ’ ಅಂತ ಬರೆದಿರುತ್ತದೆ. ಬಾಗಿಲಲ್ಲಿ ನಿಂತ ಕಂಡಕ್ಟರು ಮಾತ್ರ ‘ನ್ಯೂಟೌನ್, ನ್ಯೂಟೌನ್’ ಅಂತ ಕೂಗುತ್ತಾರೆ. ಹತ್ತುವವರೂ ‘ನ್ಯೂಟೌನ್ ಹೋಗುತ್ತಾ?’ ಅಂತಲೇ ಕೇಳುತ್ತಾರೆ. ನಾನು ಇಲ್ಲಿಗೆ ಬಂದ ಹೊಸದರಲ್ಲಿ, ಉಪನಗರ ಬೇರೆ ನ್ಯೂಟೌನ್ ಬೇರೆ ಎಂದುಕೊಂಡು ಎರಡು ಬಸ್ಸು ಬಿಟ್ಟಿದ್ದೆ. ಆರ್.ಟಿ. ನಗರದ ಕಥೆಯೂ ಅಷ್ಟೇ. ಅದು ರವೀಂದ್ರನಾಥ ಟ್ಯಾಗೋರ್ ನಗರ. ಪೂರ್ತಿ ಹೆಸರು ಹೇಳಿ ಆಟೋ ಕರೆದರೆ ಆಟೋದವರು ಒಂದು ಕ್ಷಣ ಯೋಚಿಸಬೇಕಾಗುತ್ತದೆ. ಹೆಬ್ಬಾಳದಲ್ಲಿ ಇಳಿಯುವವರು ‘ಫ್ಲೈಓವರ್ ಹತ್ರ’ ಅನ್ನುತ್ತಾರೆ. ಪೇಪರಿನಲ್ಲಿ ಅದು ‘ಮೇಲ್ಸೇತುವೆ’. ಒಳ್ಳೆಯ ಮಾತೇ, ಓದಿದರೆ ಎಲ್ಲರಿಗೂ ಗೊತ್ತಾಗುತ್ತದೆ, ಆದರೆ ಬಸ್ಸಿನಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ.

ನಾನು ಮೂವತ್ತು ವರ್ಷ ಕರಡು ತಿದ್ದಿದವಳು. ಬೇರೆಯವರ ಬರವಣಿಗೆಯನ್ನು ತಿಳಿಯಾಗಿಸುವುದೇ ಹೊಟ್ಟೆಪಾಡಾಗಿತ್ತು. ಈ ಕೆಲಸದಲ್ಲಿ ಒಂದು ಲೆಕ್ಕ ಇಟ್ಟುಕೊಂಡಿದ್ದೆ. ಓದುಗರ ಬಾಯಲ್ಲಿರುವ ಮಾತು ಒಂದು, ಬಾಯಲ್ಲಿ ಇಲ್ಲದಿದ್ದರೂ ಕಣ್ಣಿಗೆ ಪರಿಚಯವಿರುವ ಮಾತು ಇನ್ನೊಂದು, ಕಂಡೊಡನೆ ಕಣ್ಣು ಎಡವುವ ಮಾತು ಮತ್ತೊಂದು. ನ್ಯೂಟೌನ್, ಮೇಲ್ಸೇತುವೆ ಮೊದಲೆರಡು ಮನೆಯವು. ತಿದ್ದುವಾಗ ಕೈ ಹಾಕಬೇಕಾದದ್ದು ಮೂರನೆಯ ಮನೆಗೆ. ಆದರೆ ಕೈ ಹಾಕಿದ ಮೇಲೆ ಏನಾಗುತ್ತದೆ ಅನ್ನುವುದನ್ನು ನನಗೆ ಸರಿಯಾಗಿ ಕಲಿಸಿದ್ದು ಪುಸ್ತಕವಲ್ಲ, ಪತ್ರಿಕೆಯೂ ಅಲ್ಲ. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನ ಪಕ್ಕ ಅಂಟಿಸಬೇಕಾಗಿದ್ದ ಒಂದು ಹಾಳೆ.

ಒಂದು ಶನಿವಾರ ಸಂಘದ ಕಾರ್ಯದರ್ಶಿಗಳು ಮನೆಗೆ ಬಂದರು. ಸರ್ಕಾರಿ ಕೆಲಸದಲ್ಲಿದ್ದು ನಿವೃತ್ತರಾದವರು, ಅಕ್ಷರ ಮುತ್ತಿನಂತೆ. ‘ಮೇಡಂ, ಹೋದ ಸಲ ನೋಟಿಸು ಹಾಕಿದ್ರೂ ಅರ್ಧ ಜನ ನೀರು ಹಿಡಿದಿಟ್ಟುಕೊಳ್ಳಲಿಲ್ಲ. ಆಮೇಲೆ ನನ್ನ ಮನೆ ಬಾಗಿಲು ತಟ್ಟಿದ್ರು. ಈ ಸಲ ನೀವೊಮ್ಮೆ ನೋಡಿಬಿಡಿ’ ಅಂದರು. ಅವರು ಕೊಟ್ಟ ಹಾಳೆಯಲ್ಲಿ ಇದ್ದದ್ದು ಇಷ್ಟು:

‘ಸಮಸ್ತ ನಿವಾಸಿಗಳ ಗಮನಕ್ಕೆ ತರಬಯಸುವುದೇನೆಂದರೆ, ನಮ್ಮ ವಸತಿ ಸಮುಚ್ಚಯದ ಜಲ ಸಂಗ್ರಹಾಗಾರದ ಶುದ್ಧೀಕರಣ ಕಾರ್ಯವನ್ನು ದಿನಾಂಕ 18ರ ಬುಧವಾರದಂದು ಪೂರ್ವಾಹ್ನ 8 ಗಂಟೆಯಿಂದ ಅಪರಾಹ್ನ 4 ಗಂಟೆಯವರೆಗೆ ಕೈಗೊಳ್ಳಲಾಗುತ್ತಿರುವ ಪ್ರಯುಕ್ತ ಜಲ ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದ್ದು, ಅಗತ್ಯ ಪ್ರಮಾಣದ ನೀರನ್ನು ಮುಂಚಿತವಾಗಿ ಶೇಖರಿಸಿಟ್ಟುಕೊಂಡು ಸಹಕರಿಸಬೇಕಾಗಿ ಕೋರಲಾಗಿದೆ. ಸದರಿ ಕಾರ್ಯದ ತರುವಾಯ ಪ್ರಥಮವಾಗಿ ಸರಬರಾಜಾಗುವ ನೀರು ಕ್ರಿಮಿನಾಶಕಯುಕ್ತವಾಗಿರುವ ಸಾಧ್ಯತೆಯಿದ್ದು, ಸೇವನೆಗೆ ಯೋಗ್ಯವಾಗಿರುವುದಿಲ್ಲ.’

ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. ನಾನು ಪೆನ್ನು ತೆಗೆದುಕೊಂಡು, ಇಷ್ಟು ವರ್ಷದ ಅಭ್ಯಾಸದಂತೆ, ಗಟ್ಟಿ ಮಾತು ಹೊಡೆದು ಅದರ ತಲೆಯ ಮೇಲೆ ತಿಳಿ ಮಾತು ಬರೆಯಲು ಕೂತೆ. ಮೊದಲ ಮಾತಿಗೇ ಪೆನ್ನು ನಿಂತಿತು. ‘ಜಲ ಸಂಗ್ರಹಾಗಾರ’ ಅಂದರೆ ಯಾವುದು? ನಮ್ಮ ಕಟ್ಟಡಕ್ಕೆ ಬರುವ ಕಾವೇರಿ ನೀರು, ಬೋರಿನ ನೀರು, ಬೇಸಿಗೆಯಲ್ಲಿ ಟ್ಯಾಂಕರಿನ ನೀರು, ಎಲ್ಲವೂ ನೆಲದಡಿಯ ಸಂಪಿಗೆ ಬೀಳುತ್ತವೆ. ಅಲ್ಲಿಂದ ಮೋಟರು ಅದನ್ನು ತಾರಸಿಯ ಟ್ಯಾಂಕಿಗೆ ಏರಿಸುತ್ತದೆ. ಅಲ್ಲಿಂದ ನಲ್ಲಿಗೆ. ತೊಳೆಯುವುದು ಸಂಪನ್ನೋ ಟ್ಯಾಂಕನ್ನೋ? ಸಂಪು ಮಾತ್ರ ತೊಳೆದರೆ ಮೇಲಿನ ಟ್ಯಾಂಕಿನಲ್ಲಿ ಇರುವಷ್ಟು ನೀರು ಮಧ್ಯಾಹ್ನದವರೆಗೂ ಬರುತ್ತದೆ. ಎರಡನ್ನೂ ತೊಳೆದರೆ ಬೆಳಗ್ಗೆಯೇ ಬಂದ್.

ಕಾರ್ಯದರ್ಶಿಗಳನ್ನು ಕೇಳಿದೆ. ‘ಎರಡೂ ಅಂತ ಕಾಣುತ್ತೆ, ಪ್ಲಂಬರನ್ನ ಕೇಳಬೇಕು’ ಅಂದರು. ನೋಡಿ, ‘ಸಂಗ್ರಹಾಗಾರ’ ಅಂತ ಬರೆದಾಗ ಅವರಿಗೆ ಇದನ್ನು ಕೇಳಿ ತಿಳಿದುಕೊಳ್ಳುವ ಅಗತ್ಯವೇ ಬಿದ್ದಿರಲಿಲ್ಲ. ಆ ಮಾತಿನ ಹೊಟ್ಟೆ ದೊಡ್ಡದು, ಸಂಪೂ ಹಿಡಿಸುತ್ತದೆ, ಟ್ಯಾಂಕೂ ಹಿಡಿಸುತ್ತದೆ. ‘ಸಂಪು’ ಅಂತ ಬರೆಯಹೊರಟರೆ ಮಾತ್ರ ಯಾವುದು ಅನ್ನುವ ಪ್ರಶ್ನೆ ಏಳುತ್ತದೆ. ಗಟ್ಟಿ ಮಾತನ್ನು ನಾವು ಕಷ್ಟದ ಮಾತು ಅನ್ನುತ್ತೇವೆ. ಬರೆಯುವವರ ಮಟ್ಟಿಗೆ ಅದೇ ಸುಲಭದ ಮಾತು. ಗೊತ್ತಿಲ್ಲದ್ದನ್ನು ಅದರಡಿ ಬಿಟ್ಟು ಮುಂದೆ ಹೋಗಬಹುದು.

ಪ್ಲಂಬರಿಗೆ ಫೋನು ಹಾಕಿದೆವು. ‘ಎರಡೂ ತೊಳೀತೀವಿ ಅಮ್ಮ. ಎಂಟು ಗಂಟೆಗೆ ಮೋಟ್ರು ಆಫ್ ಮಾಡಿ ಮೇಲಿಂದು ಖಾಲಿ ಬಿಡ್ತೀವಿ. ಸಂಪಲ್ಲಿ ತಳದ ಕೆಸರು ತೆಗೆದು, ಗೋಡೆ ಉಜ್ಜಿ, ಬ್ಲೀಚಿಂಗ್ ಪೌಡರ್ ನೀರು ಹೊಡೆದು, ಅದನ್ನ ಎತ್ತಿ ಹೊರಗೆ ಹಾಕಿ, ಆಮೇಲೆ ಹೊಸ ನೀರು ಬಿಡೋದು’ ಅಂದರು. ‘ನಾಲ್ಕಕ್ಕೆ ನಲ್ಲೀಲಿ ನೀರು ಬರುತ್ತಾ?’ ಅಂತ ಕೇಳಿದೆ. ‘ನಾಲ್ಕಕ್ಕೆ ನಮ್ಮ ಕೆಲಸ ಮುಗಿಯುತ್ತೆ. ಟ್ಯಾಂಕು ಏರಿ ನಲ್ಲಿಗೆ ಬರೋ ಹೊತ್ತಿಗೆ ಐದಾಗುತ್ತೆ.’ ಮತ್ತೊಂದು ತೂತು ಸಿಕ್ಕಿತು. ನೋಟಿಸಿನ 4 ಗಂಟೆ ಕೆಲಸ ಮುಗಿಯುವ ಹೊತ್ತು, ನೀರು ಬರುವ ಹೊತ್ತಲ್ಲ. ಆ ವಾಕ್ಯದಲ್ಲಿ ಗಂಟೆಗಳು ‘ಶುದ್ಧೀಕರಣ ಕಾರ್ಯ’ಕ್ಕೆ ಅಂಟಿಕೊಂಡಿದ್ದವು. ಮನೆಯವರಿಗೆ ಬೇಕಾದ ಗಂಟೆ ನಲ್ಲಿಯದು, ಅದಕ್ಕೆ ನೋಟಿಸಿನಲ್ಲಿ ಗಂಟೆಯೇ ಇರಲಿಲ್ಲ. ಇದ್ದದ್ದು ‘ವ್ಯತ್ಯಯ’.

ಈ ವ್ಯತ್ಯಯದ ಬಗ್ಗೆ ಸ್ವಲ್ಪ ಹೇಳಬೇಕು. ‘ವಿದ್ಯುತ್ ವ್ಯತ್ಯಯ’ ಅನ್ನುವ ತಲೆಬರಹ ಪೇಪರಿನಲ್ಲಿ ಕಂಡರೆ ಬೆಂಗಳೂರಿನವರು ‘ಓ, ಕರೆಂಟು ಹೋಗುತ್ತೆ’ ಅಂತ ಅರ್ಥ ಮಾಡಿಕೊಳ್ಳುತ್ತಾರೆ. ನೋಡಿ ನೋಡಿ ಬಂದ ಅರ್ಥ ಅದು, ಮಾತಿನೊಳಗಿಂದ ಹುಟ್ಟಿದ್ದಲ್ಲ. ವ್ಯತ್ಯಯ ಅಂದರೆ ಇದ್ದ ರೀತಿ ಕೆಡುವುದು, ಏರುಪೇರು. ಹಾಗಾಗಿ ಅದೇ ಮಾತನ್ನು ನೀರಿನ ಪಕ್ಕ ಕೂರಿಸಿದಾಗ ಓದುವವರು ಎರಡು ಗುಂಪಾಗುತ್ತಾರೆ. ಕೆಲವರು ಪೂರ್ತಿ ಬರುವುದಿಲ್ಲ ಅಂದುಕೊಳ್ಳುತ್ತಾರೆ. ಕೆಲವರು ಸಣ್ಣಗೆ ಬರಬಹುದು, ಬಿಟ್ಟು ಬಿಟ್ಟು ಬರಬಹುದು ಅಂದುಕೊಂಡು ಸುಮ್ಮನಿರುತ್ತಾರೆ. ಹೋದ ಸಲ ಬಾಗಿಲು ತಟ್ಟಿದ ಅರ್ಧ ಜನ ಈ ಎರಡನೆಯ ಗುಂಪಿನವರೇ ಇದ್ದಿರಬೇಕು ಅಂತ ನನಗೆ ಅನ್ನಿಸಿತು. ಅವರು ಓದಲಿಲ್ಲ ಅನ್ನುವುದು ಕಾರ್ಯದರ್ಶಿಗಳ ವಾದ. ಓದಿಯೇ ಹೀಗಾಯಿತು ಅನ್ನುವುದು ನನ್ನದು.

ಹೊರಟ ದಾರಿ ಸರಿ ಎಂದುಕೊಂಡು ಮೊದಲ ಕರಡು ಬರೆದೆ. ‘ವ್ಯತ್ಯಯ’ ಹೊಡೆದು ‘ಬುಧವಾರ ನೀರು ನಿಲ್ಲುತ್ತದೆ’ ಅಂತ ಹಾಕಿದೆ. ಮೂರೇ ಮಾತು. ಇದಕ್ಕಿಂತ ಸರಳ ಇನ್ನೇನಿದೆ? ಮಾರನೆಯ ದಿನ ಬೆಳಗ್ಗೆ ಕೆಳಗಿನ ಮನೆಯ ಅಜ್ಜಿಗೆ ಹಾಳೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಓದಿ, ಬೇಸ್‌ಮೆಂಟಿನ ಕಡೆ ನೋಡಿ, ‘ಹಾಗಾದ್ರೆ ಸ್ಕೂಟರ್ ಮೇಲೆ ತೆಗೆದಿಡಬೇಕಾ?’ ಅಂದರು. ಎರಡು ವರ್ಷದ ಹಿಂದೆ ಜೋರು ಮಳೆ ಬಂದು ಬೇಸ್‌ಮೆಂಟಿನಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಮಳೆಗಾಲದಲ್ಲಿ ಹೆಬ್ಬಾಳದ ಕಡೆ ಹೋಗುವವರು ದಿನಾ ಕೇಳುವ ಮಾತೂ ಅದೇ, ‘ಅಲ್ಲಿ ನೀರು ನಿಂತಿದೆಯಂತೆ.’ ಕನ್ನಡದಲ್ಲಿ ನಿಂತ ನೀರು ಅಂದರೆ ಬರುವುದು ನಿಂತ ನೀರೂ ಹೌದು, ಹೋಗದೆ ನಿಂತ ನೀರೂ ಹೌದು. ಒಂದರಲ್ಲಿ ನೀರೇ ಇಲ್ಲ, ಇನ್ನೊಂದರಲ್ಲಿ ಬೇಡದಷ್ಟು ಇದೆ. ಗಟ್ಟಿ ಮಾತನ್ನು ಹೊಡೆದು ನಾನು ಕೂರಿಸಿದ ತಿಳಿ ಮಾತು ಅಜ್ಜಿಯನ್ನು ತದ್ವಿರುದ್ಧ ದಿಕ್ಕಿಗೆ ಕಳಿಸಿತ್ತು.

ಮಾತು ಚಿಕ್ಕದಾದಷ್ಟೂ ಅದರ ಹೆಗಲ ಮೇಲೆ ಕೆಲಸ ಜಾಸ್ತಿ. ನಿಲ್ಲು, ಬಿಡು, ಹಿಡಿ, ಹಾಕು, ತೆಗೆ, ಇವುಗಳಿಗೆ ನಿಘಂಟಿನಲ್ಲಿ ಅರ್ಥಗಳ ಸಾಲೇ ಇದೆ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟನ್ನು ತೆಗೆದು ನೋಡಿ, ಪಂಡಿತರ ಮಾತು ಒಂದೆರಡು ಸಾಲಿಗೆ ಮುಗಿಯುತ್ತದೆ, ‘ಹಿಡಿ’ಯಂಥ ಮಾತು ಎಷ್ಟೋ ಉದ್ದಕ್ಕೆ ಹರಿಯುತ್ತದೆ. ಮಾತನಾಡುವಾಗ ಇದರಿಂದ ತೊಂದರೆ ಇಲ್ಲ, ಎದುರಿಗೆ ನಲ್ಲಿಯೋ ರಸ್ತೆಯೋ ಇರುತ್ತದೆ. ಹಾಳೆಯ ಮೇಲೆ ಆ ನಲ್ಲಿಯನ್ನು ನಾವೇ ತಂದು ಇಡಬೇಕು. ‘ನಲ್ಲಿಯಲ್ಲಿ ನೀರು ಬರುವುದಿಲ್ಲ’ ಅಂತ ತಿದ್ದಿದೆ. ಒಂದು ಮಾತು ಜಾಸ್ತಿಯಾಯಿತು, ಸ್ಕೂಟರು ಇದ್ದಲ್ಲೇ ಉಳಿಯಿತು. ತಿಳಿಯಾಗಿ ಬರೆಯುವುದೆಂದರೆ ಕಡಿಮೆ ಬರೆಯುವುದು ಅಂತ ನಂಬಿದವರು ಬಹಳ ಜನ ಇದ್ದಾರೆ. ನನ್ನ ಅನುಭವದಲ್ಲಿ ಹತ್ತರಲ್ಲಿ ಮೂರು ಸಲವಾದರೂ ತಿಳಿ ಮಾತಿಗೆ ಜಾಗ ಹೆಚ್ಚು ಬೇಕು.

ಮೂರನೆಯ ಮಹಡಿಯಲ್ಲಿ ಕನ್ನಡದ ಮೇಲೆ ಬಹಳ ಪ್ರೀತಿ ಇರುವ ಯುವಕರೊಬ್ಬರಿದ್ದಾರೆ. ನನ್ನ ಕರಡು ನೋಡಿ, ‘ಆಂಟಿ, ಅಷ್ಟು ಮಾಡಿದ ಮೇಲೆ ಸಂಸ್ಕೃತ ಪೂರ್ತಿ ತೆಗೆದುಬಿಡಿ. ಮಧ್ಯಾಹ್ನ ಯಾಕೆ, ನಡುಹಗಲು ಅನ್ನಿ. ಸರಬರಾಜು ಯಾಕೆ, ಪೂರೈಕೆ ಅನ್ನಿ. ಟ್ಯಾಂಕ್ ಯಾಕೆ, ತೊಟ್ಟಿ ಅನ್ನಿ’ ಅಂದರು. ಅವರ ಕಾಳಜಿ ನಿಜವಾದದ್ದು. ಹದಿಮೂರನೆಯ ಶತಮಾನದಲ್ಲಿ ಆಂಡಯ್ಯ ಇದೇ ಹಟ ತೊಟ್ಟು, ಸಂಸ್ಕೃತದ ಮಾತನ್ನು ಇದ್ದ ಹಾಗೇ ತೆಗೆದುಕೊಳ್ಳದೆ, ಅಚ್ಚ ಕನ್ನಡದ ಮತ್ತು ಕನ್ನಡಕ್ಕೆ ಒಗ್ಗಿದ ಮಾತುಗಳಲ್ಲೇ ‘ಕಬ್ಬಿಗರ ಕಾವ’ ಬರೆದ. ಅದ್ಭುತ ಕೆಲಸ. ಆದರೆ ಈವತ್ತು ಆ ಕಾವ್ಯ ಓದಲು ನನ್ನಂಥವಳಿಗೂ ಪಕ್ಕದಲ್ಲಿ ಟೀಕೆ ಬೇಕು. ಅಚ್ಚ ಕನ್ನಡವೂ ಪುಸ್ತಕದ ಮಾತಾಗಬಲ್ಲದು. ಹೆಬ್ಬಾಳದಲ್ಲೇ ಸಿಕ್ಕಿದ ಕಿತ್ತಯ್ಯನ ವೀರಗಲ್ಲು ಕ್ರಿ.ಶ. 750ರ ಸುಮಾರಿನದು, ಗಂಗರ ಶ್ರೀಪುರುಷನ ಕಾಲದ್ದು. ಅದರಲ್ಲಿ ಈ ಸೀಮೆಯ ಹೆಸರು ‘ಪೆರ್ಬೊಳಲ್’ ಅಂತ ಇದೆ. ಪೆರ್ ಅಂದರೆ ಹಿರಿದು, ಪೊಳಲ್ ಅಂದರೆ ಊರು. ಆ ಕಾಲದಲ್ಲಿ ಕಲ್ಲಿನ ಮುಂದೆ ನಿಂತವರ ಬಾಯಲ್ಲಿ ಓಡಾಡುತ್ತಿದ್ದ ಮಾತು. ಈಗ ಪೊಳಲು ಅಂದರೆ ಶಾಸನ ಓದುವವರಿಗೆ ಮಾತ್ರ ಗೊತ್ತು. ಮಾತು ಎಲ್ಲಿಂದ ಬಂತು ಅನ್ನುವುದರಿಂದ ಅದು ತಿಳಿ ಮಾತೋ ಅಲ್ಲವೋ ತೀರ್ಮಾನವಾಗುವುದಿಲ್ಲ, ಈಗ ಯಾರ ಬಾಯಲ್ಲಿದೆ ಅನ್ನುವುದರಿಂದ ಆಗುತ್ತದೆ.

ಅದಕ್ಕೇ ‘ಮಧ್ಯಾಹ್ನ’ ಉಳಿಯಲಿ ಅಂದೆ. ಕೆಳಗಿನ ಮನೆ ಅಜ್ಜಿ ‘ಸ್ನಾನ ಆಯ್ತಾ’ ಅಂತ ಕೇಳುವಾಗ, ‘ಔಷಧಿ ತಗೊಂಡೆ’ ಅನ್ನುವಾಗ ಅವರ ಬಾಯಲ್ಲಿ ಇರುವುದು ಸಂಸ್ಕೃತವೇ. ತಾರೀಖು, ಅರ್ಜಿ, ರಸೀದಿ ಪಾರಸಿ-ಅರಬ್ಬಿ ಕಡೆಯಿಂದ ಬಂದು ನಮ್ಮ ಮನೆಯವೇ ಆಗಿವೆ. ‘ಸರಬರಾಜು’ ಕೂಡ ಪಾರಸಿ ಮೂಲದ್ದು. ಅದನ್ನು ನಾನು ತೆಗೆದದ್ದು ನಿಜ, ಪಾರಸಿ ಅಂತ ಅಲ್ಲ. ನಲ್ಲಿಯ ಮುಂದೆ ನಿಂತವರು ಯಾರೂ ‘ಸರಬರಾಜು ಬಂತಾ’ ಅನ್ನುವುದಿಲ್ಲ, ‘ನೀರು ಬಂತಾ’ ಅನ್ನುತ್ತಾರೆ. ಇನ್ನು ‘ತೊಟ್ಟಿ’. ನಮ್ಮ ಕಡೆ ತೊಟ್ಟಿ ಅಂದರೆ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇರುವ, ಬಕೆಟ್ಟು ಅದ್ದಿ ನೀರು ಮೊಗೆಯುವ ಸಣ್ಣ ಸಿಮೆಂಟಿನದು. ತಾರಸಿಯ ಮೇಲಿನದಕ್ಕೆ ಟ್ಯಾಂಕು ಅಂತಲೇ ಹೆಸರು. ತೊಟ್ಟಿ ಅಂತ ಬರೆದರೆ ಮಾತು ಕನ್ನಡವಾಗುತ್ತದೆ, ವಸ್ತು ಬದಲಾಗುತ್ತದೆ. ಯುವಕರು ಸ್ವಲ್ಪ ಹೊತ್ತು ಯೋಚಿಸಿ, ‘ಸಂಪು ಇಂಗ್ಲಿಷೇ ಅಲ್ವಾ, ಆದ್ರೂ ಬೇರೆ ಹೆಸರು ನಂಗೂ ಹೊಳೀತಿಲ್ಲ’ ಅಂದರು. ಮನೆ ಕಟ್ಟಿಸುವವರು, ಮೇಸ್ತ್ರಿ, ಪ್ಲಂಬರು, ಮನೆಯಾಕೆ ಎಲ್ಲರೂ ಅನ್ನುವುದು ಸಂಪು. ಅದಕ್ಕೆ ‘ಸಂಪಿನ’, ‘ಸಂಪಿಗೆ’, ‘ಸಂಪಲ್ಲಿ’ ಅಂತ ಕನ್ನಡದ ವಿಭಕ್ತಿ ಎಲ್ಲ ಹತ್ತಿ ಎಷ್ಟೋ ಕಾಲವಾಯಿತು.

ಹೊತ್ತಿನ ಮಾತಿಗೆ ಬಂದಾಗ ಮತ್ತೊಂದು ಗಂಟು. ‘ಪೂರ್ವಾಹ್ನ’ ತೆಗೆಯುವುದರಲ್ಲಿ ತಕರಾರಿಲ್ಲ. ಅದರ ಬದಲಿಗೆ ಏನು? ನಮ್ಮ ಕಟ್ಟಡದಲ್ಲಿ ಕೊಪ್ಪಳದ ಕಡೆಯ ಹುಡುಗನೊಬ್ಬ ಇದ್ದಾನೆ, ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಲೆಕ್ಕ ಬರೆಯುತ್ತಾನೆ. ಅವನ ಬಾಯಲ್ಲಿ ಎಂಟು ಗಂಟೆ ಅಂದರೆ ‘ಮುಂಜಾನೆ ಎಂಟು’. ನಮಗೆ ಮುಂಜಾನೆ ಅಂದರೆ ಇನ್ನೂ ಸೂರ್ಯ ಹುಟ್ಟುವ ಹೊತ್ತು, ಭಾವಗೀತೆಯ ಹೊತ್ತು. ಒಬ್ಬರ ದಿನಬಳಕೆ ಇನ್ನೊಬ್ಬರಿಗೆ ಅಲಂಕಾರ. ‘ಅಪರಾಹ್ನ’ವೂ ಹಾಗೇ, ಇಲ್ಲಿ ಅದು ಪುಸ್ತಕದ ಮಾತು, ಕರಾವಳಿಯ ಆಮಂತ್ರಣ ಪತ್ರಿಕೆಗಳಲ್ಲಿ ಮಾಮೂಲಿ. ಹುಡುಗನನ್ನೇ ಕೇಳಿದೆ, ‘ಬೆಳಗ್ಗೆ ಎಂಟು ಅಂತ ಬರೆದ್ರೆ ಏನನ್ನಿಸುತ್ತೆ?’ ‘ತಿಳೀತದರಿ, ಇಲ್ಲಿ ಎಲ್ಲಾರೂ ಹಂಗ ಅಂತಾರಲ್ಲ’ ಅಂದ. ‘ಬೆಳಗ್ಗೆ’ ಅಂತ ಬರೆದೆ. ಐದು ಗಂಟೆಗೆ ‘ಸಾಯಂಕಾಲ’. ಅದೂ ಸಂಸ್ಕೃತವೇ, ತರಕಾರಿ ಗಾಡಿಯವರೂ ಅನ್ನುವ ಸಂಸ್ಕೃತ.

ಈ ಹಾಳೆಯಲ್ಲಿ ನನ್ನನ್ನು ನಿಜವಾಗಿ ಹೆದರಿಸಿದ್ದು ‘ಕ್ರಿಮಿನಾಶಕಯುಕ್ತ’. ಯಲಹಂಕದಿಂದ ದೊಡ್ಡಬಳ್ಳಾಪುರದ ರಸ್ತೆ ಹಿಡಿದರೆ ಗೊಬ್ಬರದ ಅಂಗಡಿಗಳು ಸಿಗುತ್ತವೆ. ಅಲ್ಲಿ ಕ್ರಿಮಿನಾಶಕ ಅಂದರೆ ದ್ರಾಕ್ಷಿಗೆ, ಹೂಕೋಸಿಗೆ ಹೊಡೆಯುವ ಔಷಧಿ. ಊರಿನಲ್ಲಿ ಹೊಲ ಇರುವ ಯಾರೇ ಆಗಲಿ ಆ ಮಾತನ್ನು ವಿಷ ಅಂತಲೇ ಓದುತ್ತಾರೆ. ನಮ್ಮ ಮನೆಕೆಲಸಕ್ಕೆ ಬರುವಾಕೆ ಗೌರಿಬಿದನೂರಿನ ಕಡೆಯವರು. ಅವರಿಗೆ ಓದಿ ಹೇಳಿದಾಗ, ‘ಅಯ್ಯೋ, ಸಂಪಿಗೆ ಯಾಕಮ್ಮಾ ಅದನ್ನ ಹಾಕ್ತಾರೆ? ಕೈ ತೊಳಕೊಳ್ಳೋಕೂ ಆಗಲ್ಲ ಹಾಗಾದ್ರೆ’ ಅಂದರು. ಕಾರ್ಯದರ್ಶಿಗಳು ಹೇಳಬೇಕೆಂದಿದ್ದದ್ದು ಬ್ಲೀಚಿಂಗ್ ಪೌಡರು. ಪುಸ್ತಕದ ಮಾತೇ ಬೇಕೆಂದರೂ ‘ಸೋಂಕುನಾಶಕ’ ಆಗಬೇಕಿತ್ತು. ಗಟ್ಟಿ ಮಾತಿನಲ್ಲಿ ಆಗುವ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ‘ಸಂಪಿಗೆ ವಿಷ ಹಾಕುತ್ತಾರೆ’ ಅಂತ ಬರೆದಿದ್ದರೆ ಬರೆದವರೇ ಬೆಚ್ಚಿ ತಿದ್ದುತ್ತಿದ್ದರು.

‘ಸೇವನೆಗೆ ಯೋಗ್ಯವಾಗಿರುವುದಿಲ್ಲ’ ಇದರಲ್ಲೂ ಕೇಳಬೇಕಾದ ಪ್ರಶ್ನೆ ಅಡಗಿತ್ತು. ಸೇವನೆ ಅಂದರೆ ಕುಡಿಯುವುದು, ಸರಿ. ಅನ್ನಕ್ಕೆ ಎಸರಿಡುವುದು? ಸೊಪ್ಪು ತೊಳೆಯುವುದು? ಮತ್ತೆ, ಎಷ್ಟು ಹೊತ್ತು? ‘ಪ್ರಥಮವಾಗಿ ಸರಬರಾಜಾಗುವ’ ಅಂದರೆ ಮೊದಲ ಬಕೆಟ್ಟೋ, ಮೊದಲ ದಿನವೋ? ಪ್ಲಂಬರಿಗೆ ಮತ್ತೆ ಫೋನು. ‘ಗೋಡೆಯಲ್ಲಿ ಸ್ವಲ್ಪ ವಾಸನೆ ಉಳಿದಿರುತ್ತೆ ಅಮ್ಮ. ಆ ರಾತ್ರಿ ಕುಡಿಯೋಕೆ, ಅಡುಗೆಗೆ ಬೇಡ. ಗುರುವಾರ ಬೆಳಗ್ಗೆ ಒಂದ್ಸಲ ವಾಸನೆ ನೋಡಿ ಹಿಡ್ಕೊಳ್ಳಿ’ ಅಂದರು. ಫೋನು ಇಡುವ ಮೊದಲು ಅವರೇ ಸೇರಿಸಿದರು, ‘ಇನ್ನೊಂದು. ಸಂಪಿನ ಮುಚ್ಚಳ ದಿನಪೂರ್ತಿ ತೆಗೆದಿರುತ್ತೆ. ಮಕ್ಕಳನ್ನ ಆ ಕಡೆ ಬಿಡಬೇಡಿ ಅಂತ ಹಾಕಿ.’

ಇಡೀ ನೋಟಿಸಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಅದು. ಮೊದಲ ಹಾಳೆಯಲ್ಲಿ ಅದು ಇರಲೇ ಇಲ್ಲ. ‘ಜಲ ಸಂಗ್ರಹಾಗಾರದ ಶುದ್ಧೀಕರಣ ಕಾರ್ಯ’ ಅನ್ನುವ ಮಾತಿಗೆ ಮುಚ್ಚಳ ಇಲ್ಲ. ಸಂಪು ಅಂದರೆ ಮುಚ್ಚಳ ಇದೆ, ಆಳ ಇದೆ, ಅದರ ಪಕ್ಕ ಚೆಂಡಾಡುವ ಮಕ್ಕಳು ಇದ್ದಾರೆ.

ಇಷ್ಟೆಲ್ಲ ತಿಳಿದ ಮೇಲೂ ಬರೆಯಲು ಕೂತರೆ ವಾಕ್ಯ ಹಳೆಯ ದಾರಿಗೇ ಎಳೆಯುತ್ತಿತ್ತು. ಹಳೆಯ ವಾಕ್ಯದಲ್ಲಿ ಮಾತು ಮಾತ್ರ ಬದಲಾಯಿಸಿದರೆ ಏನಾಗುತ್ತದೆ ಅಂತ ಒಮ್ಮೆ ಬರೆದೇ ನೋಡಿದೆ: ‘ಸಂಪನ್ನು ತೊಳೆಯುವಿಕೆಯನ್ನು ಮಾಡಲಾಗುತ್ತಿರುವ ಕಾರಣ ನೀರಿನ ಬರುವಿಕೆಯಲ್ಲಿ ತೊಂದರೆ ಆಗಲಿದ್ದು.’ ಎಲ್ಲವೂ ತಿಳಿ ಮಾತೇ, ಆದರೆ ಯಾರೂ ಹೀಗೆ ಮಾತನಾಡುವುದಿಲ್ಲ. ಮೂಲದ ವಾಕ್ಯಕ್ಕಾದರೂ ಒಂದು ಗಾಂಭೀರ್ಯವಿತ್ತು, ಇದಕ್ಕೆ ಅದೂ ಇಲ್ಲ. ರೋಗ ಇರುವುದು ಕ್ರಿಯೆಯಲ್ಲಿ. ‘ಶುದ್ಧೀಕರಣ ಕಾರ್ಯವನ್ನು ಕೈಗೊಳ್ಳಲಾಗುತ್ತಿರುವ’ ಅನ್ನುವಲ್ಲಿ ತೊಳೆಯುವ ಕ್ರಿಯೆ ಹೆಸರಾಗಿ ಗಟ್ಟಿಯಾಗಿಬಿಟ್ಟಿದೆ. ಆಮೇಲೆ ಅದನ್ನು ನಡೆಸಲು ‘ಕೈಗೊಳ್ಳು’ ಅನ್ನುವ ಇನ್ನೊಂದು ಕ್ರಿಯೆ ಬೇಕಾಯಿತು. ಮಾಡುವವರು ಯಾರು ಅಂತ ಹೇಳದಿರಲು ‘ಲಾಗು’ ಬಂತು. ಗಟ್ಟಿಯಾದ ಹೆಸರನ್ನು ಕರಗಿಸಿ ಮತ್ತೆ ಕ್ರಿಯೆ ಮಾಡಬೇಕು: ‘ಸಂಪು ತೊಳೆಯುತ್ತಾರೆ.’ ಅಷ್ಟು ಮಾಡಿದರೆ ಕೈಗೊಳ್ಳುವುದೂ ‘ಲಾಗು’ವೂ ತಾವಾಗಿ ಉದುರುತ್ತವೆ. ಕರಡು ತಿದ್ದುವವರಿಗೆ ನಾನು ಯಾವತ್ತೂ ಹೇಳುತ್ತಿದ್ದದ್ದು ಇದನ್ನೇ. ಕಷ್ಟದ ಮಾತಿಗೆ ಗೆರೆ ಎಳೆಯುವ ಮೊದಲು ವಾಕ್ಯದ ಕೊನೆಗೆ ಹೋಗಿ ಕ್ರಿಯಾಪದ ನೋಡಿ. ಅದು ಸರಿಹೋದರೆ ಅರ್ಧ ಕಷ್ಟದ ಮಾತುಗಳಿಗೆ ನಿಲ್ಲಲು ಜಾಗವೇ ಇರುವುದಿಲ್ಲ.

ಕರಡು ನೋಡಿ ಕಾರ್ಯದರ್ಶಿಗಳ ಮುಖ ಸಪ್ಪಗಾಯಿತು. ‘ಮೇಡಂ, ಎಲ್ಲ ಸರಿ. ಆದ್ರೆ ಇದು ಮನೆಯವರಿಗೆ ಚೀಟಿ ಬರೆದ ಹಾಗಿದೆ. ನಿವಾಸಿಗಳಿಗೆ ಮರ್ಯಾದೆ ಕೊಟ್ಟ ಹಾಗೆ ಇಲ್ಲ. ಕೋರಲಾಗಿದೆ ಅಂತಲಾದ್ರೂ ಇರಲಿ’ ಅಂದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ನಮ್ಮ ಭಾಷೆಯಲ್ಲಿ ದೊಡ್ಡ ಮಾತು ಬಹಳ ಕಾಲ ಒಳ್ಳೆಯ ಬಟ್ಟೆಯ ಹಾಗೆ ಇದೆ, ಹತ್ತು ಜನರ ಮುಂದೆ ಹೋಗುವಾಗ ಉಟ್ಟುಕೊಳ್ಳುವುದು. ಮೂವತ್ತೈದು ವರ್ಷ ಅಂಥ ಕಾಗದಗಳನ್ನೇ ಬರೆದವರು ಅವರು. ಆದರೆ ಕನ್ನಡದಲ್ಲಿ ಮರ್ಯಾದೆ ಇರುವುದು ‘ಕೋರಲಾಗಿದೆ’ಯಲ್ಲಿ ಅಲ್ಲ, ಅಲ್ಲಿ ಕೋರುವವರೇ ಕಾಣೆ. ‘ಇಟ್ಟುಕೊ’ ಮತ್ತು ‘ಇಟ್ಟುಕೊಳ್ಳಿ’ ಈ ಎರಡರ ನಡುವೆ ಇದೆ ಮರ್ಯಾದೆ. ‘ದಯವಿಟ್ಟು ಹಿಡಿದಿಟ್ಟುಕೊಳ್ಳಿ’ ಅಂದರೆ ಎದುರಿಗೆ ನಿಂತು ಕೈಮುಗಿದು ಹೇಳಿದ ಹಾಗೆ. ‘ಕಾರ್ಯದರ್ಶಿ’ ಅನ್ನುವ ಮಾತನ್ನೂ ನಾನು ಮುಟ್ಟಲಿಲ್ಲ. ಗಟ್ಟಿಯಾದ ಸಂಸ್ಕೃತವೇ ಅದು, ಆದರೆ ಕಟ್ಟಡದ ಮಕ್ಕಳೂ ‘ಕಾರ್ಯದರ್ಶಿ ಅಂಕಲ್’ ಅನ್ನುತ್ತಾರೆ. ಅದಕ್ಕಿಂತ ತಿಳಿಯಾದ ಮಾತು ನನ್ನಲ್ಲಿ ಇರಲಿಲ್ಲ.

ಹಾಗೆಯೇ ‘ಬರಲ್ಲ’ ಅಂತ ಬರೆಯದೆ ‘ಬರುವುದಿಲ್ಲ’ ಅಂತ ಇಟ್ಟೆ. ಮಾತನಾಡುವಾಗ ಎಲ್ಲರೂ ಬರಲ್ಲ, ಬರೋದಿಲ್ಲ, ಬರಂಗಿಲ್ಲ ಅಂತ ಅವರವರ ಊರಿನಂತೆ ಅನ್ನುತ್ತಾರೆ. ಬರವಣಿಗೆಯಲ್ಲಿ ‘ಬರುವುದಿಲ್ಲ’ ಅಂತ ಇದ್ದರೆ ಪ್ರತಿಯೊಬ್ಬರೂ ತಮ್ಮ ಬಾಯಿಗೆ ತಕ್ಕ ಹಾಗೆ ಓದಿಕೊಳ್ಳುತ್ತಾರೆ. ಆಡುಮಾತಿನ ರೂಪವನ್ನೇ ಬರೆದುಬಿಟ್ಟರೆ ಅದು ಒಂದೇ ಸೀಮೆಯವರ ಹಾಳೆಯಾಗುತ್ತದೆ. ನಾನು ಹುಡುಕುತ್ತಿದ್ದದ್ದು ಮಾತಿನ ಪದಗಳನ್ನು, ಮಾತಿನ ಉಚ್ಚಾರವನ್ನಲ್ಲ.

ಕೊನೆಯ ಕೆಲಸ ಪರೀಕ್ಷೆ. ‘ಅರ್ಥ ಆಯ್ತಾ?’ ಅಂತ ಕೇಳುವುದನ್ನು ನಾನು ಬಿಟ್ಟು ಬಹಳ ವರ್ಷವಾಯಿತು. ಆ ಪ್ರಶ್ನೆಗೆ ಎಲ್ಲರೂ ಹೂಂ ಅನ್ನುತ್ತಾರೆ, ಆಗಲಿಲ್ಲ ಅಂದರೆ ಕೇಳಿದವರಿಗೆ ಬೇಸರವಾದೀತು ಅನ್ನುವ ಸೌಜನ್ಯ. ‘ಹಾಗಾದ್ರೆ ಬುಧವಾರ ಏನು ಮಾಡ್ತೀರಿ?’ ಅಂತ ಕೇಳಬೇಕು. ಉತ್ತರ ಹಾಳೆಗೆ ಹೊಂದಿದರೆ ಹಾಳೆ ಸರಿ ಇದೆ. ಅಜ್ಜಿ, ಯಾರ್ಡಿನ ಹುಡುಗ, ಮನೆಕೆಲಸದಾಕೆ, ಮೂವರನ್ನೂ ಕೇಳಿದೆ. ಅಜ್ಜಿ ಸ್ಕೂಟರಿನ ಮಾತು ಎತ್ತಲಿಲ್ಲ. ಹುಡುಗ ಮಂಗಳವಾರ ರಾತ್ರಿ ಎರಡು ಬಕೆಟ್ಟು, ಒಂದು ಕ್ಯಾನು ತುಂಬಿಸುತ್ತೇನೆ ಅಂದ. ಮನೆಕೆಲಸದಾಕೆಗೆ ಓದಿ ಹೇಳಿದೆ. ‘ಸಾಯಂಕಾಲದ ನೀರು ಪಾತ್ರೆ, ಬಟ್ಟೆ, ಬಚ್ಚಲಿಗೆ ಬಳಸಿ’ ಅನ್ನುವ ಸಾಲಿಗೆ ಅವರು ತಲೆ ಅಲ್ಲಾಡಿಸಿದರು. ‘ಬ್ಲೀಚಿಂಗ್ ವಾಸನೆ ಇರೋ ನೀರಲ್ಲಿ ಬಣ್ಣದ ಬಟ್ಟೆ ನೆನೆ ಹಾಕಲ್ಲಮ್ಮ ನಾನು. ಒಂದ್ ಮನೇಲಿ ಸೀರೆ ಅಂಚು ಬಿಳಿಚಿಕೊಂಡು ಮಾತು ಕೇಳಿದೀನಿ.’ ಗೋಡೆಯಲ್ಲಿ ಉಳಿದ ಅಷ್ಟು ಸ್ವಲ್ಪಕ್ಕೆ ಬಣ್ಣ ಹೋಗುತ್ತದೆಯೋ ಇಲ್ಲವೋ, ಸೀರೆಗಾಗಿ ಮಾತು ಕೇಳಿದವರ ಎದುರು ವಾದ ಮಾಡುವುದು ನನಗೆ ಸರಿ ಕಾಣಲಿಲ್ಲ. ‘ಬಟ್ಟೆ’ ತೆಗೆದೆ.

ಸೋಮವಾರ ಲಿಫ್ಟಿನ ಪಕ್ಕ ಅಂಟಿಸಿದ್ದು ಇದು:

‘ಬುಧವಾರ, 18ನೇ ತಾರೀಖು, ನಲ್ಲಿಯಲ್ಲಿ ನೀರು ಬರುವುದಿಲ್ಲ. ಬೆಳಗ್ಗೆ 8 ಗಂಟೆಯಿಂದ ಸಾಯಂಕಾಲ 5 ಗಂಟೆಯವರೆಗೆ.

ಅವತ್ತು ಸಂಪು ಮತ್ತು ಮೇಲಿನ ಟ್ಯಾಂಕು ಎರಡನ್ನೂ ತೊಳೆಯುತ್ತಾರೆ. ದಯವಿಟ್ಟು ಮಂಗಳವಾರ ರಾತ್ರಿಯೇ ನೀರು ಹಿಡಿದಿಟ್ಟುಕೊಳ್ಳಿ. ಕುಡಿಯುವುದಕ್ಕೆ, ಅಡುಗೆಗೆ ಗುರುವಾರ ಬೆಳಗ್ಗೆಯವರೆಗೆ ಸಾಲುವಷ್ಟು ಇರಲಿ.

ಬುಧವಾರ ಸಾಯಂಕಾಲ ಬರುವ ನೀರಿನಲ್ಲಿ ಬ್ಲೀಚಿಂಗ್ ಪೌಡರಿನ ವಾಸನೆ ಇರಬಹುದು. ಅದನ್ನು ಪಾತ್ರೆ ತೊಳೆಯಲು, ಬಚ್ಚಲಿಗೆ ಬಳಸಿ. ಕುಡಿಯಬೇಡಿ, ಅಡುಗೆಗೆ ಹಾಕಬೇಡಿ.

ಬುಧವಾರ ಇಡೀ ದಿನ ಸಂಪಿನ ಮುಚ್ಚಳ ತೆಗೆದಿರುತ್ತದೆ. ಮಕ್ಕಳನ್ನು ಆ ಕಡೆ ಬಿಡಬೇಡಿ.

– ಕಾರ್ಯದರ್ಶಿ’

ಮಂಗಳವಾರ ಸಾಯಂಕಾಲ ಪಾತ್ರೆ ತೊಳೆದು ಹೊರಟ ಮನೆಕೆಲಸದಾಕೆ ಲಿಫ್ಟಿನ ಹತ್ತಿರ ನಿಂತು, ಕೆಲಸ ಮಾಡುವ ಇನ್ನೊಂದು ಮನೆಗೆ ಫೋನು ಮಾಡುತ್ತಿದ್ದರು. ‘ಹೂಂ ಅಕ್ಕಾ, ನಾಳೆ ಬೆಳಗ್ಗೆ ಎಂಟಕ್ಕೇ ಹೋಗುತ್ತೆ. ಐದಕ್ಕೆ ಬರುತ್ತೆ, ಆದ್ರೆ ಕುಡಿಯೋಕೆ ಬೇಡ. ಪಾಪುನ ಕೆಳಗೆ ಆಡೋಕೆ ಕಳಿಸಬೇಡಿ, ಮುಚ್ಚಳ ತೆಗೆದಿರ್ತಾರಂತೆ.’ ಆಕೆಗೆ ಓದಲು ಬರುವುದಿಲ್ಲ. ಒಂದು ಸಲ ಕೇಳಿದ್ದನ್ನು ಒಂದು ಗಂಟೆಯೂ ಆಚೀಚೆಯಾಗದಂತೆ ಹೇಳುತ್ತಿದ್ದರು.